ಕಳೆದ ದೀಪಾವಳಿಯ ಮಚ್ಚೆಯನ್ನು ವೈದ್ಯರಿಗೆ ತೋರಿಸುವುದು ಹೇಗೆ?

ಚರ್ಮದ ವೈದ್ಯರಿಗೆ ಉಳಿದ ವೈದ್ಯರಿಗಿಲ್ಲದ ಒಂದು ಅನುಕೂಲವಿದೆ. ಅವರು ನೋಡಬೇಕಾದದ್ದು ಹೊಟ್ಟೆಯೊಳಗೋ ಎದೆಗೂಡಿನೊಳಗೋ ಅಡಗಿರುವುದಿಲ್ಲ, ಕಣ್ಣೆದುರಿಗೇ ಇರುತ್ತದೆ. ಆದರೆ ಮಚ್ಚೆಯೊಂದು ಬದಲಾಗುತ್ತಿದೆ ಎಂಬ ಅನುಮಾನದಿಂದ ಹೋದವರ ವಿಷಯದಲ್ಲಿ ಈ ಅನುಕೂಲ ಅರ್ಧಕ್ಕೇ ನಿಲ್ಲುತ್ತದೆ. ವೈದ್ಯರಿಗೆ ಕಾಣುವುದು ಇವತ್ತಿನ ಮಚ್ಚೆ ಮಾತ್ರ. ಕಳೆದ ದೀಪಾವಳಿಯಲ್ಲಿ ಅದು ಹೇಗಿತ್ತು, ಸಂಕ್ರಾಂತಿಗೆ ಎಷ್ಟಾಗಿತ್ತು ಎಂಬುದನ್ನು ಯಾವ ಉಪಕರಣವೂ ತೋರಿಸುವುದಿಲ್ಲ. ಬದಲಾವಣೆ ಎನ್ನುವುದು ಎರಡು ದಿನಾಂಕಗಳ ನಡುವಿನ ಸಂಗತಿ. ಅದರಲ್ಲಿ ಹಳೆಯ ದಿನಾಂಕವನ್ನು ರೋಗಿಯೇ ತರಬೇಕು.

ಊರಿನಲ್ಲಿದ್ದರೆ ಈ ಕೆಲಸ ತಾನಾಗಿಯೇ ಅಷ್ಟಿಷ್ಟು ನಡೆಯುತ್ತದೆ. ತಲೆ ಬಾಚುವಾಗ ಅಮ್ಮ ನೋಡಿರುತ್ತಾಳೆ, ತಂಗಿ ತಮಾಷೆ ಮಾಡಿರುತ್ತಾಳೆ, ಇಪ್ಪತ್ತು ವರ್ಷದಿಂದ ನೋಡುತ್ತಿರುವ ಬೀದಿ ಕೊನೆಯ ಡಾಕ್ಟರಿಗೆ ನೆನಪಿರುತ್ತದೆ. ಓದಲೆಂದು ಹೊರದೇಶಕ್ಕೆ ಹೋದವರಿಗೆ ಇದ್ಯಾವುದೂ ಇಲ್ಲ. ಒಂಟಿ ಕೋಣೆ, ಹೊಸ ವೈದ್ಯರು, ಹಿಂದಿನ ಯಾವ ದಾಖಲೆಯೂ ಇಲ್ಲದ ಕಂಪ್ಯೂಟರ್ ಪರದೆ. ಆದ್ದರಿಂದ ಮೊದಲ ಭೇಟಿಗೆ ಹೋಗುವಾಗ ಒಂದು ಪುಟದ ಬರಹ ಕೈಯಲ್ಲಿರುವುದು ಒಳ್ಳೆಯದು. ಆ ಒಂದು ಪುಟವನ್ನು ಹೇಗೆ ಬರೆಯಬೇಕು ಎಂಬುದಷ್ಟೇ ಈ ಲೇಖನದ ವಿಷಯ.

ಉದಾಹರಣೆಗಾಗಿ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಊರು ದಾವಣಗೆರೆ, ವಯಸ್ಸು 23. 2024ರ ಗಣೇಶನ ಹಬ್ಬ ಮುಗಿಸಿಕೊಂಡು ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಸ್ನಾತಕೋತ್ತರ ಓದಿಗೆ ಹೋಗಿದ್ದಾಳೆ. ಅವಳ ಎಡ ಅಂಗಾಲಿನಲ್ಲಿ ಒಂದು ಕಂದು ಮಚ್ಚೆ. ನರಕ ಚತುರ್ದಶಿಯ ಎಣ್ಣೆ ಸ್ನಾನವನ್ನು ಪರದೇಶದಲ್ಲೂ ಬಿಡಬಾರದೆಂದು ಅಂಗಾಲಿಗೆ ಎಣ್ಣೆ ತಿಕ್ಕಿಕೊಳ್ಳುವಾಗ ಅದು ಮೊದಲಿಗಿಂತ ಕಪ್ಪಾದಂತೆ ಕಂಡಿತು. ಫೋನಿನಲ್ಲಿ ಹೇಳಿದರೆ ಅಮ್ಮ, “ಅಂಗಾಲಲ್ಲಿ ಮಚ್ಚೆ ಇದ್ದವರು ದೇಶ ಸುತ್ತುತ್ತಾರಂತೆ ಕಣೆ, ನೀನು ಹೋಗಿಲ್ವಾ ಈಗ? ಅದು ಹುಟ್ಟಿದಾಗಿನಿಂದಲೂ ಇದೆ ಬಿಡು” ಎಂದರು. ಹುಡುಗಿ ಸುಮ್ಮನಾದಳು. ಫೆಬ್ರುವರಿಯ ಹೊತ್ತಿಗೆ ಅನುಮಾನ ಮತ್ತೆ ತಲೆ ಎತ್ತಿತು.

ಇಂಗ್ಲೆಂಡಿನಲ್ಲಿ ನೇರವಾಗಿ ಚರ್ಮದ ವೈದ್ಯರ ಬಾಗಿಲು ತಟ್ಟುವ ಹಾಗಿಲ್ಲ. ಬೆಂಗಳೂರಿನಂತೆ ಆ್ಯಪ್ ತೆರೆದು ಸಂಜೆ ಆರಕ್ಕೆ ಸಮಯ ಕಾದಿರಿಸುವ ಪದ್ಧತಿ ಖಾಸಗಿಯಾಗಿ ಹಣ ಕೊಡುವವರಿಗೆ ಮಾತ್ರ. ವಿದ್ಯಾರ್ಥಿ ವೀಸಾ ಪಡೆಯುವಾಗಲೇ ವರ್ಷಕ್ಕೆ 776 ಪೌಂಡಿನಂತೆ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ. ಅದಕ್ಕೆ ಪ್ರತಿಯಾಗಿ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆ ಅವರಿಗೂ ಸಿಗುತ್ತದೆ. ಮೊದಲು ತಾವಿರುವ ಬಡಾವಣೆಯ ಜಿಪಿ, ಅಂದರೆ ಸಾಮಾನ್ಯ ವೈದ್ಯರ ಬಳಿ ಹೆಸರು ನೋಂದಾಯಿಸಬೇಕು. ಚರ್ಮದ ವೈದ್ಯರಿಗೆ ಕಳಿಸಬೇಕೋ ಬೇಡವೋ, ಕಳಿಸಿದರೆ ಎಷ್ಟು ತುರ್ತಾಗಿ ಎಂಬುದನ್ನು ಆ ಜಿಪಿ ತೀರ್ಮಾನಿಸುತ್ತಾರೆ. ಅವರ ಬಳಿ ಸಿಗುವುದು ಹೆಚ್ಚು ಕಡಿಮೆ ಹತ್ತು ನಿಮಿಷ. ಹುಡುಗಿಯ ಒಂದು ಪುಟ ಮೊದಲು ಈ ಹತ್ತು ನಿಮಿಷಕ್ಕೆ, ಆಮೇಲೆ ಚರ್ಮದ ವೈದ್ಯರ ಮೊದಲ ಭೇಟಿಗೆ, ಹೀಗೆ ಎರಡು ಕಡೆ ಕೆಲಸಕ್ಕೆ ಬರಬೇಕು.

ಜಿಪಿ ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ ಎಂದು ಗೊತ್ತಿದ್ದರೆ ಏನು ಬರೆಯಬೇಕೆಂಬುದು ತಾನಾಗಿ ಹೊಳೆಯುತ್ತದೆ. ಇಂಗ್ಲೆಂಡಿನ ವೈದ್ಯರಿಗೆ ಕೊಟ್ಟಿರುವ ಮಾರ್ಗಸೂಚಿಯಲ್ಲಿ ಬಣ್ಣದ ಮಚ್ಚೆಗಳಿಗಾಗಿ ಏಳು ಅಂಶಗಳ ಒಂದು ಪಟ್ಟಿ ಇದೆ. 1980ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ರೂಪುಗೊಂಡದ್ದು ಇದು. ಗಾತ್ರದಲ್ಲಿ ಬದಲಾವಣೆ, ಅಂಕುಡೊಂಕಾದ ಆಕಾರ, ಒಂದೇ ಸಮನಿಲ್ಲದ ಬಣ್ಣ ಈ ಮೂರಕ್ಕೆ ತಲಾ 2 ಅಂಕ. ಅಗಲ 7 ಮಿಲಿಮೀಟರ್ ಅಥವಾ ಹೆಚ್ಚು, ಉರಿಯೂತ, ರಸ ಒಸರುವುದು, ಸ್ಪರ್ಶಜ್ಞಾನದಲ್ಲಿ ವ್ಯತ್ಯಾಸ ಈ ನಾಲ್ಕಕ್ಕೆ ತಲಾ 1 ಅಂಕ. ಒಟ್ಟು 3 ಅಥವಾ ಅದಕ್ಕಿಂತ ಹೆಚ್ಚಾದರೆ ಕ್ಯಾನ್ಸರ್ ಇರಬಹುದೆಂಬ ಅನುಮಾನದ ದಾರಿಯಲ್ಲಿ ತುರ್ತಾಗಿ ತಜ್ಞರಿಗೆ ಕಳಿಸಬೇಕು. ಹಾಗೆ ಕಳಿಸಿದವರಿಗೆ 28 ದಿನದೊಳಗೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತಿಳಿಸಬೇಕೆಂಬುದು ಅಲ್ಲಿನ ಸೇವೆ ತನಗೆ ಹಾಕಿಕೊಂಡಿರುವ ಗುರಿ.

ಈ ಏಳರಲ್ಲಿ ಆಕಾರ, ಬಣ್ಣ, ಅಗಲವನ್ನು ವೈದ್ಯರು ನೋಡಿಯೇ ಹೇಳಬಲ್ಲರು. ಗಾತ್ರ ಬದಲಾಗಿದೆಯೇ, ಎಂದಾದರೂ ರಸ ಒಸರಿತ್ತೇ, ತುರಿಕೆ ಅಥವಾ ಜೋಮು ಇತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ರೋಗಿಯ ಬಾಯಿಂದಲೇ ಬರಬೇಕು. ಅವುಗಳಲ್ಲಿ ಒಂದಕ್ಕೆ 2 ಅಂಕ ಇದೆ ಎಂಬುದನ್ನು ಗಮನಿಸಿ. “ಸ್ವಲ್ಪ ದೊಡ್ಡದಾದ ಹಾಗೆ ಇದೆ, ಗೊತ್ತಿಲ್ಲ” ಎಂದು ಗೊಣಗಿದರೆ ಆ 2 ಅಂಕ ಅಲ್ಲೇ ಸಡಿಲವಾಗುತ್ತದೆ. ಹಾಗೆಂದು ಪುಟದ ಮೇಲೆ “ನನಗೆ 4 ಅಂಕ” ಎಂದು ಬರೆದುಕೊಂಡು ಹೋಗುವುದೂ ತರವಲ್ಲ. ಅಂಕ ಹಾಕುವುದು ವೈದ್ಯರ ಕೆಲಸ. ಅಂಕ ಹಾಕಲು ಬೇಕಾದ ಸಂಗತಿ ಒದಗಿಸುವುದು ನಮ್ಮ ಕೆಲಸ.

ಮಚ್ಚೆ ಇರುವುದು ಅಂಗಾಲಿನಲ್ಲಿ ಎಂಬುದಕ್ಕೂ ಇಲ್ಲಿ ತೂಕವಿದೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರು ನಮ್ಮಂಥ ಕಂದು ಚರ್ಮದವರಲ್ಲಿ ಬಿಳಿಯರಿಗಿಂತ ಬಹಳ ವಿರಳ. ಆದರೆ ಬಂದಾಗ ಅಂಗೈ, ಅಂಗಾಲು, ಉಗುರಿನ ಕೆಳಗೆ ಬರುವ ಪಾಲು ನಮ್ಮಲ್ಲಿ ಹೆಚ್ಚು. ಇವು ಬಿಸಿಲು ಅಷ್ಟಾಗಿ ತಾಗದ ಜಾಗಗಳಾದ್ದರಿಂದ ಯಾರಿಗೂ ಬೇಗ ಅನುಮಾನ ಬರುವುದಿಲ್ಲ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಯ ಕಾಲಿನ ಹೆಬ್ಬೆರಳಿನಲ್ಲಿ 1977ರಲ್ಲಿ ಪತ್ತೆಯಾದದ್ದು ಇದೇ ಬಗೆಯದು. ಮೊದಲು ಅದನ್ನು ಫುಟ್‌ಬಾಲ್ ಆಡಿದಾಗಿನ ಗಾಯವೆಂದುಕೊಂಡಿದ್ದರು. 1981ರಲ್ಲಿ, 36ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಇಷ್ಟು ಓದಿ ಗಾಬರಿಯಾಗಬೇಕಿಲ್ಲ. ಅಂಗಾಲಿನ ಕಪ್ಪು ಗುರುತುಗಳಲ್ಲಿ ಬಹುಪಾಲು ನಿರಪಾಯದ ಮಚ್ಚೆ, ಓಡಾಟದ ಒತ್ತಡಕ್ಕೆ ಹೆಪ್ಪುಗಟ್ಟಿದ ರಕ್ತ, ಇಲ್ಲವೇ ಒಳಗೆ ಕಪ್ಪು ಚುಕ್ಕೆಗಳಿರುವ ನರೂಲಿ. ಇವುಗಳನ್ನು ಬೇರ್ಪಡಿಸಲು ವೈದ್ಯರಿಗೆ ನೆರವಾಗುವ ಸಂಗತಿಗಳೇ ಆ ಪುಟದಲ್ಲಿರಬೇಕು.

ಮೊದಲ ಕಷ್ಟ ದಿನಾಂಕದ್ದು. “ಕೆಲವು ತಿಂಗಳಿಂದ” ಎಂಬ ಮಾತು ಎಲ್ಲರ ಬಾಯಲ್ಲೂ ಬರುತ್ತದೆ, ವೈದ್ಯರಿಗೆ ಅದರಿಂದ ಏನೂ ಸಿಗುವುದಿಲ್ಲ. ಎರಡು ತಿಂಗಳಲ್ಲಿ ಇಮ್ಮಡಿಯಾದ ಮಚ್ಚೆಗೂ ಎಂಟು ವರ್ಷದಲ್ಲಿ ಇಮ್ಮಡಿಯಾದ ಮಚ್ಚೆಗೂ ಅಜಗಜಾಂತರ. ನಮ್ಮವರ ನೆನಪು ತಾರೀಖಿನ ಮೇಲೆ ನಡೆಯುವುದಿಲ್ಲ, ಹಬ್ಬ, ಮದುವೆ, ಪರೀಕ್ಷೆಗಳ ಮೇಲೆ ನಡೆಯುತ್ತದೆ. ಅದರಲ್ಲಿ ತಪ್ಪೇನಿಲ್ಲ, ಹಾಗೆಯೇ ನೆನಪಿಸಿಕೊಂಡು ಆಮೇಲೆ ತಿಂಗಳು, ವರ್ಷಕ್ಕೆ ತಿರುಗಿಸಿ ಬರೆದರಾಯಿತು. ಎಣ್ಣೆ ಸ್ನಾನದ ದಿನ ಎಂದರೆ 2024ರ ಅಕ್ಟೋಬರ್ ಕೊನೆ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲೇ ಬರೆಯುವುದು ಕ್ಷೇಮ. 03/04 ಎಂದರೆ ಇಂಗ್ಲೆಂಡಿನಲ್ಲಿ ಏಪ್ರಿಲ್ ಮೂರು, ಅಮೆರಿಕದಲ್ಲಿ ಮಾರ್ಚ್ ನಾಲ್ಕು.

ನೆನಪಿಗಿಂತ ಗಟ್ಟಿ ಸಾಕ್ಷಿ ಫೋನಿನ ಗ್ಯಾಲರಿಯಲ್ಲಿರುತ್ತದೆ. ನಮ್ಮ ಹುಡುಗಿ ಹಳೆಯ ಫೋಟೋಗಳನ್ನು ಜಾಲಾಡಿದಾಗ 2022ರ ಡಿಸೆಂಬರಿನಲ್ಲಿ ಮಲ್ಪೆ ಕಡಲತೀರದಲ್ಲಿ ಗೆಳತಿ ತೆಗೆದ ಒಂದು ಚಿತ್ರ ಸಿಕ್ಕಿತು. ಮರಳಲ್ಲಿ ಕಾಲು ಚಾಚಿ ಕೂತ ಭಂಗಿ, ಅಂಗಾಲು ಕ್ಯಾಮೆರಾದ ಕಡೆಗೆ. ದೊಡ್ಡದು ಮಾಡಿ ನೋಡಿದರೆ ತೆಳು ಕಂದಿನ ಸಣ್ಣ ಚುಕ್ಕೆ. ಹಾಗಾಗಿ ಅಮ್ಮ ಹೇಳಿದ “ಮೊದಲಿನಿಂದಲೂ ಇದೆ” ಎಂಬ ಮಾತು ಸುಳ್ಳಲ್ಲ, ಅಷ್ಟು ಕಪ್ಪಾಗಿ, ಅಷ್ಟು ದೊಡ್ಡದಾಗಿ ಮಾತ್ರ ಇರಲಿಲ್ಲ. ಹೆಬ್ಬೆರಳಿನ ಅಗಲಕ್ಕೆ ಹೋಲಿಸಿ ಅಂದಾಜು 2 ಮಿ.ಮೀ. ಎಂದು ಅವಳು ಲೆಕ್ಕ ಹಾಕಿದಳು. ಅಂದಾಜು ಎಂಬ ಮಾತನ್ನು ಪುಟದಲ್ಲೂ ಹಾಗೆಯೇ ಉಳಿಸಿಕೊಳ್ಳಬೇಕು. ಅಳೆದದ್ದು ಯಾವುದು, ಊಹಿಸಿದ್ದು ಯಾವುದು, ಅಮ್ಮ ಹೇಳಿದ್ದು ಯಾವುದು ಎಂಬುದು ಬೇರೆ ಬೇರೆಯಾಗಿ ಕಂಡರೆ ವೈದ್ಯರು ಆ ಪುಟವನ್ನು ನಂಬುತ್ತಾರೆ.

ಇಲ್ಲೊಂದು ತೊಡಕಿದೆ. ಗೆಳತಿಯಿಂದ ಆ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಂಡರೆ ಚಿತ್ರ ಕುಗ್ಗಿ ಬರುತ್ತದೆ, ತೆಗೆದ ದಿನಾಂಕದ ಗುರುತು ಅಳಿಸಿಹೋಗುತ್ತದೆ, ಫೋನ್ ತೋರಿಸುವುದು ಬಂದ ದಿನವನ್ನು. ಮೂಲ ಫೈಲನ್ನೇ ಇಮೇಲಿನಲ್ಲಿ ಕಳಿಸಲು ಹೇಳಬೇಕು.

ಹೊಸ ಫೋಟೋಗಳ ಮಾತಿಗೆ ಬಂದರೆ, ಮೂರು ಇದ್ದರೆ ಸಾಕು. ಇಡೀ ಪಾದ ಕಾಣುವಂತೆ ದೂರದಿಂದ ಒಂದು, ಮಚ್ಚೆ ತುಂಬಿ ಕಾಣುವಂತೆ ಹತ್ತಿರದಿಂದ ಒಂದು, ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಇಟ್ಟು ಇನ್ನೊಂದು. ದೂರದ ಚಿತ್ರ ಯಾಕೆ ಬೇಕೆಂದರೆ, ಹತ್ತಿರದ ಚಿತ್ರವೊಂದನ್ನೇ ಕಳಿಸಿದರೆ ಅದು ಅಂಗಾಲೋ ಅಂಗೈಯೋ, ಎಡವೋ ಬಲವೋ ಗೊತ್ತಾಗುವುದಿಲ್ಲ. ಸೆಲ್ಫಿ ಕ್ಯಾಮೆರಾ ಅಂತೂ ಎಡಬಲವನ್ನೇ ತಿರುವಿ ತೋರಿಸಬಹುದು, ಅದನ್ನು ಬಳಸಬಾರದು. ಫೋನನ್ನು ಮಚ್ಚೆಗೆ ತೀರಾ ಅಂಟಿಸಿದರೆ ಚಿತ್ರ ಮಸುಕಾಗುತ್ತದೆ, ಅಂಚು ಹಿಗ್ಗುತ್ತದೆ. ಒಂದು ಗೇಣು ದೂರದಲ್ಲಿ ಹಿಡಿದು ಸ್ವಲ್ಪ ಝೂಮ್ ಮಾಡುವುದು ಮೇಲು. ಫೋನು ಚರ್ಮಕ್ಕೆ ಸಮಾನಾಂತರವಾಗಿರಬೇಕು, ಓರೆಯಾದರೆ ಗುಂಡಗಿನ ಮಚ್ಚೆಯೂ ಉದ್ದವಾಗಿ ಕಾಣುತ್ತದೆ. ಕಿಟಕಿಯ ಬಳಿ ಹಗಲಿನ ಬೆಳಕಿನಲ್ಲಿ ತೆಗೆಯಬೇಕು, ಚರ್ಮ ನುಣುಪಾಗಿಸುವ ಬ್ಯೂಟಿ ಫಿಲ್ಟರ್ ಆರಿಸಿರಬೇಕು. ಅಂಗಾಲು ತನ್ನದೇ ಕೈಯಿಂದ ತೆಗೆಯಲಾಗದ ಜಾಗ. ಕೋಣೆಯ ಗೆಳತಿಯನ್ನು ಕೇಳಲು ಸಂಕೋಚಪಡಬಾರದು.

ಅಳತೆಯಲ್ಲೂ ಒಂದು ಶಿಸ್ತು ಬೇಕು. ಮಚ್ಚೆಯ ಅತಿ ಉದ್ದದ ದಿಕ್ಕಿನಲ್ಲಿ ಒಂದು ಅಳತೆ, ಅದಕ್ಕೆ ಅಡ್ಡಲಾಗಿ ಇನ್ನೊಂದು. ಅದೇ ಪಟ್ಟಿ, ಅದೇ ಬೆಳಕು, ಕಾಲು ಒಣಗಿರುವಾಗ. ಸ್ನಾನದ ನಂತರ ಅಂಗಾಲಿನ ದಪ್ಪ ಚರ್ಮ ನೀರು ಕುಡಿದು ಬೇರೆಯಾಗಿಯೇ ಕಾಣುತ್ತದೆ. ಮನೆಯ ಅಳತೆಯಲ್ಲಿ ಅರ್ಧ, ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಆಗುವುದು ಸಹಜ. 4 ಇದ್ದದ್ದು 4.5 ಆಯಿತೆಂದು ಏನನ್ನೂ ಹೇಳಲಾಗದು, 4 ಇದ್ದದ್ದು 6 ಆಗಿದ್ದರೆ ಅದು ಪಟ್ಟಿಯ ತಪ್ಪಲ್ಲ. ನಮ್ಮ ಹುಡುಗಿ ಫೆಬ್ರುವರಿ 10ರಂದು ಅಳೆದಾಗ 4 ಮತ್ತು 3 ಮಿ.ಮೀ., ಮಾರ್ಚ್ 17ರಂದು 6 ಮತ್ತು 4. ಎರಡನೆಯ ಅಳತೆ ಆದ ದಿನವೇ ಅವಳು ಜಿಪಿಗೆ ಫೋನ್ ಮಾಡಿದಳು. ಮೊದಲ ಅಳತೆಯ ದಿನವೇ ಮಾಡಿದ್ದರೂ ಯಾರೂ ಬೇಸರಪಡುತ್ತಿರಲಿಲ್ಲ. ಕಪ್ಪಾಗಿದೆ ಎಂಬ ಅನುಮಾನವೊಂದೇ ಸಾಕಿತ್ತು. ಚೆಂದದ ದಾಖಲೆ ಸಿದ್ಧವಾಗಲಿ ಎಂದು ಭೇಟಿಯನ್ನು ಮುಂದೂಡುವುದು ಈ ಇಡೀ ಕೆಲಸದ ಉದ್ದೇಶಕ್ಕೇ ವಿರುದ್ಧ. ಅದರಲ್ಲೂ ತಾನಾಗಿ ರಕ್ತ ಬರುತ್ತಿದ್ದರೆ, ಗಟ್ಟಿಯಾದ ಉಬ್ಬು ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ, ಪಟ್ಟಿ ಫೋಟೋ ಎಲ್ಲ ಬಿಟ್ಟು ಅಂದೇ ಫೋನ್ ಮಾಡಬೇಕು.

ಇನ್ನು ಬಣ್ಣ. ಇಂಗ್ಲೆಂಡಿನ ಅನೇಕ ಆರೋಗ್ಯ ಪುಸ್ತಿಕೆಗಳು ಬಿಳಿ ಚರ್ಮವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. “ಸುತ್ತ ಕೆಂಪಾಗಿದೆಯೇ” ಎಂದು ಅವು ಕೇಳುತ್ತವೆ. ಕಂದು ಚರ್ಮದಲ್ಲಿ ಉರಿಯೂತ ಕೆಂಪಾಗಿಯೇ ಕಾಣಬೇಕೆಂದಿಲ್ಲ. ನೇರಳೆ ಛಾಯೆ, ಬೂದಿ ಬಣ್ಣ, ಬರೀ ಗಾಢ ಕಂದು, ಹೀಗೆ ಯಾವುದಾದರೂ ಆಗಿರಬಹುದು. ಲಂಡನ್ನಿನ ಸೇಂಟ್ ಜಾರ್ಜ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಮಲೋನ್ ಮುಕ್ವೆಂಡೆ ಎಂಬ ವಿದ್ಯಾರ್ಥಿ ಪಠ್ಯಗಳಲ್ಲಿನ ಈ ಕೊರತೆಯನ್ನು ಕಂಡು, 2020ರಲ್ಲಿ ತನ್ನ ಇಬ್ಬರು ಅಧ್ಯಾಪಕರ ಜೊತೆ ಸೇರಿ ಕಪ್ಪು, ಕಂದು ಚರ್ಮದಲ್ಲಿ ರೋಗಚಿಹ್ನೆಗಳು ಹೇಗೆ ಕಾಣುತ್ತವೆಂಬುದರ ಕೈಪಿಡಿಯನ್ನೇ ಹೊರತಂದರು. ಆದ್ದರಿಂದ “ಕೆಂಪಿಲ್ಲ” ಎಂದು ಬರೆದು ಸುಮ್ಮನಾಗಬಾರದು. ಮುಟ್ಟಿದರೆ ಸುತ್ತಲಿನ ಚರ್ಮಕ್ಕಿಂತ ಬಿಸಿಯಿದೆಯೇ, ಊದಿದೆಯೇ, ನೋಯುತ್ತದೆಯೇ, ಇನ್ನೊಂದು ಕಾಲಿನ ಅದೇ ಜಾಗಕ್ಕೆ ಹೋಲಿಸಿದರೆ ಬಣ್ಣ ಹೇಗಿದೆ ಎಂದು ನೋಡಿ ಬರೆಯಬೇಕು.

ಹಚ್ಚಿದ್ದನ್ನು ಹೇಳುವುದು ನಮ್ಮವರಿಗೆ ಅತ್ಯಂತ ಮುಜುಗರದ ಭಾಗ, ಬಿಡಬಾರದ ಭಾಗವೂ ಹೌದು. ಊರಿನಿಂದ ಹೊರಡುವಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಜೊತೆ ಮೆಡಿಕಲ್ ಸ್ಟೋರಿನ ಒಂದೆರಡು ಮುಲಾಮಿನ ಟ್ಯೂಬೂ ಹೋಗಿರುತ್ತದೆ. ತುರಿಕೆಗೆ, ಹುಳುಕಡ್ಡಿಗೆ, ಕಪ್ಪು ಕಲೆಗೆ ಎಲ್ಲಕ್ಕೂ ಅದೇ. ಇವುಗಳಲ್ಲಿ ಕ್ಲೋಬೆಟಾಸಾಲ್‌ನಂಥ ಪ್ರಬಲ ಸ್ಟೀರಾಯ್ಡ್ ಜೊತೆಗೆ ಟರ್ಬಿನಾಫಿನ್, ಆಫ್ಲಾಕ್ಸಸಿನ್ ಮುಂತಾದ ಮೂರು ನಾಲ್ಕು ಔಷಧಿಗಳನ್ನು ಬೆರೆಸಿರುತ್ತಾರೆ. ನಮ್ಮ ಬ್ರ್ಯಾಂಡಿನ ಹೆಸರು ಹೇಳಿದರೆ ಅಲ್ಲಿನ ವೈದ್ಯರಿಗೆ ತಲೆಬುಡ ಗೊತ್ತಾಗುವುದಿಲ್ಲ. ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿರುವ ಔಷಧಿಗಳ ಹೆಸರನ್ನು ನೋಡಿ ಬರೆಯಬೇಕು, ಇಲ್ಲವೇ ಆ ಬದಿಯ ಫೋಟೋ ತೆಗೆದುಕೊಳ್ಳಬೇಕು. ಸ್ಟೀರಾಯ್ಡ್ ಚರ್ಮದ ಚಹರೆಯನ್ನೇ ಬದಲಿಸುತ್ತದೆ. ಬೇರೆ ಬಗೆಯ ಕಲೆಯಾಗಿದ್ದರೆ, ಉದಾಹರಣೆಗೆ ಹುಳುಕಡ್ಡಿಯಾಗಿದ್ದರೆ, ಅದನ್ನು ಗುರುತೇ ಸಿಗದ ಹಾಗೆ ಮಾಡಿಬಿಡುತ್ತದೆ. ಸುಣ್ಣ, ಸೋಡಾ ಹಚ್ಚಿ ಸುಟ್ಟಿದ್ದರೂ, ಕೂದಲು ಕಟ್ಟಿದ್ದರೂ, ಕಾಲುಜ್ಜುವ ಕಲ್ಲಿನಿಂದ ತಿಕ್ಕಿದ್ದರೂ ಹೇಳಬೇಕು. ಅದರಿಂದಾದ ಗಾಯವನ್ನು ವೈದ್ಯರು ಮಚ್ಚೆಯ ಸ್ವಂತ ಬದಲಾವಣೆ ಎಂದು ಭಾವಿಸಿಯಾರು. ಅಂಗಾಲಿನ ಅಂಚಿಗೆ ಇತ್ತೀಚೆಗೆ ಮೆಹಂದಿ ಹಚ್ಚಿದ್ದರೆ ಅದನ್ನೂ ಹೇಳಿ. ಉಗುರಿಗೆ ಬಣ್ಣ ಹಚ್ಚಿದ್ದರೆ ಭೇಟಿಗೆ ಮೊದಲು ತೆಗೆಯಿರಿ, ಉಗುರುಗಳನ್ನೂ ಅವರು ನೋಡುತ್ತಾರೆ.

ಮನೆತನದ ರೋಗಗಳ ವಿಷಯದಲ್ಲಿ ನಮ್ಮಲ್ಲಿ ಇನ್ನೊಂದು ಬಗೆಯ ತೊಂದರೆ. ಕ್ಯಾನ್ಸರ್ ಎಂಬ ಹೆಸರನ್ನೇ ಎತ್ತದ ಮನೆಗಳಿವೆ. “ಅಜ್ಜನ ಕಾಲಿಗೆ ಏನೋ ಹುಣ್ಣಾಗಿ ಹೋಗಿಬಿಟ್ಟರು” ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಒಮ್ಮೆ ಅಪ್ಪನನ್ನೋ ಸೋದರತ್ತೆಯನ್ನೋ ನೇರವಾಗಿ ಕೇಳಬೇಕು. ಉತ್ತರ ಸಿಗದಿದ್ದರೆ “ಕಾರಣ ತಿಳಿಯದು” ಎಂದು ಬರೆಯಬೇಕು. ಸಕ್ಕರೆ ಕಾಯಿಲೆಯ ಹುಣ್ಣಿರಬಹುದು ಎಂದು ನಾವೇ ತೀರ್ಮಾನಿಸಿಬಿಟ್ಟರೆ ಮತ್ತೆ ಯಾರೂ ಅದನ್ನು ವಿಚಾರಿಸುವುದಿಲ್ಲ.

ಇಷ್ಟೆಲ್ಲ ಕೂಡಿಸಿಕೊಂಡು ಹುಡುಗಿ ಬರೆದ ಪುಟ ಹೀಗಿರಬಹುದು. ಅವಳು ಬರೆಯುವುದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

“ವಯಸ್ಸು 23, ವಿದ್ಯಾರ್ಥಿನಿ, ಸೆಪ್ಟೆಂಬರ್ 2024ರಿಂದ ಲೀಡ್ಸ್‌ನಲ್ಲಿ ವಾಸ. ಎಡ ಅಂಗಾಲಿನಲ್ಲಿ, ಹಿಮ್ಮಡಿಗಿಂತ ಸ್ವಲ್ಪ ಮುಂದೆ, ಒಳಬದಿಗೆ ಒಂದು ಕಂದು ಮಚ್ಚೆ ಇದೆ. ಕಳೆದ ಐದು ತಿಂಗಳಲ್ಲಿ ದೊಡ್ಡದಾಗಿದೆ, ಒಂದು ಬದಿ ಕಪ್ಪಾಗಿದೆ.

“ಡಿಸೆಂಬರ್ 2022: ಹಳೆಯ ಫೋಟೋದಲ್ಲಿ ತೆಳು ಕಂದು, ಒಂದೇ ಬಣ್ಣ, ಅಂದಾಜು 2 ಮಿ.ಮೀ. ಚಿಕ್ಕಂದಿನಿಂದ ಇದೆ ಎಂದು ತಾಯಿ ಹೇಳುತ್ತಾರೆ. ಅಕ್ಟೋಬರ್ 2024 ಕೊನೆ: ಕಪ್ಪಾದಂತೆ ಕಂಡಿತು, ಅಳೆಯಲಿಲ್ಲ. 10 ಫೆಬ್ರುವರಿ 2025: 4 ಮತ್ತು 3 ಮಿ.ಮೀ. 17 ಮಾರ್ಚ್ 2025: 6 ಮತ್ತು 4 ಮಿ.ಮೀ., ಹೆಬ್ಬೆರಳಿನ ಕಡೆಯ ಅಂಚು ಕಪ್ಪು, ಉಳಿದದ್ದು ಕಂದು. ಫೋಟೋಗಳಿವೆ.

“ರಕ್ತ, ರಸ, ತುರಿಕೆ, ಜೋಮು ಇಲ್ಲ. ನಡೆಯುವಾಗ ನೋವಿಲ್ಲ. ಉಬ್ಬಿಲ್ಲ. ವಾರಕ್ಕೊಮ್ಮೆ ಬ್ಯಾಡ್ಮಿಂಟನ್ ಆಡುತ್ತೇನೆ, ಪೆಟ್ಟಾದ ನೆನಪಿಲ್ಲ. ಅಕ್ಟೋಬರಿನಲ್ಲಿ ಹೊಸ ಶೂ ಕೊಂಡೆ. ಜನವರಿಯಲ್ಲಿ ಮೂರು ವಾರ ಭಾರತದಿಂದ ತಂದ ಮುಲಾಮು ಹಚ್ಚಿದೆ (ಕ್ಲೋಬೆಟಾಸಾಲ್, ಆಫ್ಲಾಕ್ಸಸಿನ್, ಆರ್ನಿಡಜೋಲ್, ಟರ್ಬಿನಾಫಿನ್), ವ್ಯತ್ಯಾಸ ಕಾಣಲಿಲ್ಲ. ಬೇರೇನೂ ಹಚ್ಚಿಲ್ಲ, ಕೆರೆದಿಲ್ಲ.

“ಮನೆಯಲ್ಲಿ ಚರ್ಮದ ಕ್ಯಾನ್ಸರ್ ಇದ್ದುದು ತಿಳಿದಿಲ್ಲ. ತಂದೆಯ ತಂದೆಗೆ ಕಾಲಿನ ಹುಣ್ಣಿತ್ತು, ಕಾರಣ ತಿಳಿಯದು. ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತೇನೆ. ಅಂಟುಪಟ್ಟಿಗೆ ಅಲರ್ಜಿ. ಕಿವಿ ಚುಚ್ಚಿಸಿದ ಜಾಗದಲ್ಲಿ ಗಾಯದ ಗುರುತು ದಪ್ಪವಾಗಿ ಬೆಳೆದಿದೆ.

“ನನ್ನ ಪ್ರಶ್ನೆಗಳು: ಇದನ್ನು ತೆಗೆದು ಪರೀಕ್ಷಿಸಬೇಕೇ? ಕಾದು ನೋಡುವುದಾದರೆ ಮತ್ತೆ ಯಾವಾಗ ಬರಬೇಕು? ಅಷ್ಟರೊಳಗೆ ಏನಾದರೆ ತಡಮಾಡದೆ ಬರಬೇಕು?”

ಗಮನಿಸಿ, ಇದರಲ್ಲಿ ಮೆಲನೋಮ ಎಂಬ ಪದ ಎಲ್ಲೂ ಇಲ್ಲ. ಅಂತರ್ಜಾಲದಲ್ಲಿ ಓದಿದ್ದರ ಸುದ್ದಿಯಿಲ್ಲ, ರಾತ್ರಿ ನಿದ್ದೆಗೆಟ್ಟ ಕಥೆಯಿಲ್ಲ, “ಬಹುಶಃ ಏನೂ ಇಲ್ಲ, ಸುಮ್ಮನೆ ಕೇಳುತ್ತಿದ್ದೇನೆ” ಎಂಬ ಕ್ಷಮಾಪಣೆಯೂ ಇಲ್ಲ. ಕೊನೆಯದು ನಮ್ಮ ಮಕ್ಕಳಿಗೆ ಅಂಟಿದ ಅಭ್ಯಾಸ. ದೊಡ್ಡವರೆದುರು ತಮ್ಮ ದೂರನ್ನು ತಾವೇ ಅರ್ಧ ಇಳಿಸಿ ಹೇಳುವುದು ಮನೆಯಲ್ಲಿ ವಿನಯ ಎನಿಸಿಕೊಳ್ಳುತ್ತದೆ. ಹತ್ತು ನಿಮಿಷದ ಭೇಟಿಯಲ್ಲಿ ಅದನ್ನು ವೈದ್ಯರು ಇದ್ದದ್ದು ಇದ್ದ ಹಾಗೆಯೇ ತೆಗೆದುಕೊಳ್ಳಬಹುದು. ಹಾಗೆಯೇ, ಮುಖ್ಯ ಮಾತು ಮೊದಲ ಮೂರು ವಾಕ್ಯದಲ್ಲೇ ಮುಗಿದಿದೆ. ವೈದ್ಯರು ಅಲ್ಲಿಗೇ ಓದುವುದನ್ನು ನಿಲ್ಲಿಸಿದರೂ ನಷ್ಟವಿಲ್ಲ. “ಇಲ್ಲ” ಎಂಬ ಉತ್ತರಗಳನ್ನೂ ಬರೆದಿರುವುದು ಮುಖ್ಯ. ರಕ್ತದ ವಿಷಯ ಬರೆಯದೇ ಇದ್ದರೆ ಬಂದಿಲ್ಲವೋ ಹೇಳಲು ಮರೆತಳೋ ತಿಳಿಯುವುದಿಲ್ಲ.

ಈ ಪುಟ ನಿಜವಾಗಿ ಎಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ಚರ್ಮದ ವೈದ್ಯರ ಕೋಣೆಯೊಳಗೆ ಹೋಗಬೇಕು. ಅವರು ಡರ್ಮೋಸ್ಕೋಪ್ ಎಂಬ, ಬೆಳಕಿರುವ ಪುಟ್ಟ ಭೂತಗನ್ನಡಿಯನ್ನು ಮಚ್ಚೆಯ ಮೇಲಿಟ್ಟು ನೋಡುತ್ತಾರೆ. ಸಾಮಾನ್ಯವಾಗಿ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅಂಗಾಲಿನ ಚರ್ಮದಲ್ಲಿ ಬೆರಳಚ್ಚಿನಂತೆಯೇ ಸಾಲು ಸಾಲು ಏರು, ಸಾಲು ಸಾಲು ತಗ್ಗು. ಕಂದು ಬಣ್ಣ ತಗ್ಗಿನ ಗೆರೆಗಳಲ್ಲಿ ಕೂತಿದ್ದರೆ ಅದು ಸಾಮಾನ್ಯವಾಗಿ ನಿರಪಾಯದ ಮಚ್ಚೆ. ಏರುಗಳ ಮೇಲೆ ಹರಡಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಜಪಾನಿನಲ್ಲಿ ಅಂಗಾಲಿನ ಮೆಲನೋಮವೇ ಹೆಚ್ಚಾದ್ದರಿಂದ ಈ ತಿಳಿವಳಿಕೆಯನ್ನು ಬೆಳೆಸಿದವರಲ್ಲಿ ಅಲ್ಲಿನ ವೈದ್ಯರೇ ಮುಂದು. ಹೆಪ್ಪುಗಟ್ಟಿದ ರಕ್ತವಾಗಿದ್ದರೆ ಕೆಂಪುಗಪ್ಪು ಉಂಡೆಗಳಂತೆ ಕಾಣುತ್ತದೆ, ಚರ್ಮ ಬೆಳೆದಂತೆ ಮೇಲಕ್ಕೆ ಬಂದು ಉದುರಿಹೋಗುತ್ತದೆ.

ಗೆರೆಗಳು ಸ್ಪಷ್ಟವಾಗಿ ಒಂದು ಕಡೆ ಹೇಳಿದರೆ ತೀರ್ಮಾನ ಸುಲಭ. ಕಷ್ಟ ಬರುವುದು ಅತ್ತವೂ ಅಲ್ಲ ಇತ್ತವೂ ಅಲ್ಲ ಎಂಬಂತೆ ಕಂಡಾಗ. ಆಗ ವೈದ್ಯರ ಮುಂದೆ ಎರಡು ದಾರಿ: ಫೋಟೋ ತೆಗೆದಿಟ್ಟುಕೊಂಡು ಮೂರು ತಿಂಗಳ ನಂತರ ಮತ್ತೆ ನೋಡುವುದು, ಅಥವಾ ಈಗಲೇ ತೆಗೆದು ಪರೀಕ್ಷೆಗೆ ಕಳಿಸುವುದು. ಅಂಗಾಲಿನ ಶಸ್ತ್ರಚಿಕಿತ್ಸೆ ಚಿಕ್ಕದಾದರೂ ವಾರಗಟ್ಟಲೆ ಕುಂಟಿಸುತ್ತದೆ, ಹಾಗಾಗಿ ಸುಮ್ಮನೆ ಕತ್ತರಿ ಹಾಕಲು ಯಾರೂ ಮುಂದಾಗುವುದಿಲ್ಲ. ಬರೀ ಇವತ್ತಿನ 6 ಮಿ.ಮೀ. ಮಚ್ಚೆಯನ್ನು ಕಂಡ ವೈದ್ಯರು ಕಾದು ನೋಡೋಣ ಎನ್ನಬಹುದು. ಐದು ವಾರದಲ್ಲಿ 4 ಇದ್ದದ್ದು 6 ಆಗಿದೆ, ಎರಡು ವರ್ಷದ ಹಿಂದೆ ಸುಮಾರು 2 ಇತ್ತು ಎಂಬುದಕ್ಕೆ ಫೋಟೋ ಸಮೇತ ದಾಖಲೆ ಕಂಡವರು ಕಾಯುವ ಸಾಧ್ಯತೆ ಕಡಿಮೆ. ಮೂರು ತಿಂಗಳು ಕಾದು ತಿಳಿಯಬೇಕಾದದ್ದನ್ನು ಆ ಪುಟ ಆಗಲೇ ಅವರ ಕೈಗೆ ಕೊಟ್ಟಿರುತ್ತದೆ. ಇದು ತಿರುಗುಮುರುಗಾಗಿಯೂ ನಡೆಯುತ್ತದೆ. ಮಲ್ಪೆಯ ಫೋಟೋದಲ್ಲೇ ಮಚ್ಚೆ ಈಗಿನಷ್ಟೇ ದೊಡ್ಡದಿದ್ದಿದ್ದರೆ ಅದೇ ಪುಟ ಒಂದು ಅನಗತ್ಯ ಗಾಯವನ್ನು ತಪ್ಪಿಸಬಹುದಿತ್ತು.

ತೆಗೆಯುವುದೆಂದು ತೀರ್ಮಾನವಾದರೆ ಬ್ರಿಟನ್ನಿನ ರೂಢಿಯಂತೆ ಮಚ್ಚೆಯನ್ನು ಪೂರ್ತಿಯಾಗಿ, ಸುತ್ತ 2 ಮಿ.ಮೀ. ಚರ್ಮ ಸೇರಿಸಿ ತೆಗೆದು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸುತ್ತಾರೆ. ಪುಟದಲ್ಲಿ ಬರೆದ ಅಂಟುಪಟ್ಟಿಯ ಅಲರ್ಜಿ, ಕಿವಿಯ ಗುರುತು ಆಗ ಉಪಯೋಗಕ್ಕೆ ಬರುತ್ತವೆ. ಗಾಯದ ಗುರುತು ದಪ್ಪವಾಗಿ ಬೆಳೆಯುವ ಕೀಲಾಯ್ಡ್ ಕಂದು, ಕಪ್ಪು ಚರ್ಮದವರಲ್ಲಿ ಹೆಚ್ಚು. ಮೊದಲೇ ಗೊತ್ತಿದ್ದರೆ ಅದರ ಬಗ್ಗೆ ಮಾತಾಡಿಕೊಂಡೇ ಮುಂದುವರಿಯಬಹುದು. ಭೇಟಿಯ ದಿನ ಬರೀ ಕಾಲು ತೋರಿಸಿ ಬರುವ ಲೆಕ್ಕ ಇಟ್ಟುಕೊಳ್ಳಬೇಡಿ. ಒಂದು ಅನುಮಾನದ ಮಚ್ಚೆಗೆ ಬಂದವರ ಮೈಯ ಉಳಿದ ಮಚ್ಚೆಗಳನ್ನೂ ನೋಡುವುದು ರೂಢಿ. ಸುಲಭವಾಗಿ ಕಳಚಬಹುದಾದ ಬಟ್ಟೆ ತೊಟ್ಟು ಹೋಗಿ. ಪರೀಕ್ಷೆಯ ವೇಳೆ ಜೊತೆಗೆ ಇನ್ನೊಬ್ಬ ಮಹಿಳಾ ಸಿಬ್ಬಂದಿ ಇರಲಿ ಎಂದು ಕೇಳುವ ಹಕ್ಕು ನಿಮಗಿದೆ.

ವಿದ್ಯಾರ್ಥಿಗಳ ಮಟ್ಟಿಗೆ ಎಲ್ಲ ಸರಿಯಿದ್ದೂ ಕೆಲಸ ಕೆಡುವ ಒಂದು ಜಾಗವಿದೆ. ಅದು ವಿಳಾಸ. ಆಸ್ಪತ್ರೆಯ ಪತ್ರ ಇಂದಿಗೂ ಅಂಚೆಯಲ್ಲಿ ಬರುವುದುಂಟು, ಕರೆ ಅಪರಿಚಿತ ಸಂಖ್ಯೆಯಿಂದ ಬರುತ್ತದೆ. ಬೇಸಿಗೆಯಲ್ಲಿ ಬಾಡಿಗೆ ಕರಾರು ಮುಗಿದು ಮನೆ ಬದಲಾಗಿರುತ್ತದೆ, ಸಿಮ್ ಬದಲಾಗಿರುತ್ತದೆ, ಇಲ್ಲವೇ ಹುಡುಗಿ ಪರೀಕ್ಷೆ ಮುಗಿಸಿ ದಾವಣಗೆರೆಗೆ ಬಂದಿರುತ್ತಾಳೆ. ಕರೆದ ದಿನ ಹೋಗದಿದ್ದರೆ ಮತ್ತೆ ಜಿಪಿಯಿಂದ ಶುರು ಮಾಡಬೇಕಾಗಬಹುದು. ಆದ್ದರಿಂದ ಪುಟದ ಕೊನೆಯಲ್ಲಿ ಈಗಿನ ವಿಳಾಸ, ಫೋನ್ ಸಂಖ್ಯೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಊರಿನಲ್ಲಿರುವುದಿಲ್ಲ ಎಂಬುದನ್ನು ಬರೆಯಿರಿ. ಮನೆ ಬದಲಿಸಿದ ವಾರವೇ ಜಿಪಿಗೂ ಆಸ್ಪತ್ರೆಗೂ ತಿಳಿಸಿ. ಜಿಪಿ ನಿಮ್ಮನ್ನು ತುರ್ತಾಗಿ ಕಳಿಸಿದ್ದೇನೆ ಎಂದ ಮೇಲೆ ಎರಡು ವಾರವಾದರೂ ಪತ್ರವೋ ಕರೆಯೋ ಬರದಿದ್ದರೆ, ಬರುತ್ತದೆ ಎಂದು ಕಾಯದೆ ನೀವೇ ಜಿಪಿಯ ಕಚೇರಿಗೆ ಫೋನ್ ಮಾಡಿ ವಿಚಾರಿಸಿ.